ಏಕಾದಶಿಯ ದಿನ ಫ್ರಿಜ್ಜಿನಲ್ಲಿ ಉಳಿದದ್ದು

ಡೊಂಬಿವಲಿಯ ನಮ್ಮವರ ನಡುವೆ ನನಗೆ ಮಾತುಗಾರನೆಂದು ಹೆಸರು. ಮದುವೆ ಮನೆಯಲ್ಲಿ ಊಟದ ಎಲೆ ಬರುವುದು ತಡವಾದರೆ ಯಾರಾದರೊಬ್ಬರು ನನ್ನನ್ನು ಹುಡುಕಿ ತಂದು ಕುರ್ಚಿಯಲ್ಲಿ ಕೂರಿಸುತ್ತಾರೆ. ನಾನು ಹುಟ್ಟಿದ್ದು ಇಲ್ಲಿಯ ಚಾಳಿನಲ್ಲಿ, ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಕಲಿತದ್ದು ಅಜ್ಜಿಯ ಬಾಯಿಂದ ಮತ್ತು ಶನಿವಾರ ಭಜನೆಗೆ ಬರುತ್ತಿದ್ದ ಮೂರು ನಾಲ್ಕು ಮುದುಕರಿಂದ. ಅವರು ಉಡುಪಿಯ ಸುದ್ದಿ ಹೇಳುತ್ತಿದ್ದರೆ ನಾನು ಬಾಯಿ ತೆರೆದು ಕೇಳುತ್ತಿದ್ದೆ. ಆಡಿದ ಮಾತು ಎದುರಿನವರ ಮನಸ್ಸಿನಲ್ಲಿ ಇಳಿಯುವಂತೆ ಆಡುವುದು ಹೇಗೆಂದು ಅವರಿಂದಲೇ ತಿಳಿದೆ. ಅದೊಂದು ವರವೆಂದು ಬಹಳ ಕಾಲ ನಂಬಿದ್ದೆ.

ಈ ಸಂಗತಿಯನ್ನೂ ನಾನು ನಾಲ್ಕಾರು ಕಡೆ ಹೇಳಿದ್ದೇನೆ. ಅಕ್ಕನ ಮಗಳು ಸಾಯುವಷ್ಟು ಕಾಯಿಲೆ ಬಿದ್ದದ್ದು, ಆಸ್ಪತ್ರೆಗೆ ಓಡಿದ್ದು, ದೇವರ ದಯೆಯಿಂದ ಉಳಿದದ್ದು. ಕೇಳಿದವರು ಲೊಚಗುಟ್ಟಿದ್ದಾರೆ, ಕೆಲವರು ನನ್ನ ಬೆನ್ನು ತಟ್ಟಿದ್ದಾರೆ. ಆದರೆ ಹೇಳುವಾಗಲೆಲ್ಲ ಒಂದಿಪ್ಪತ್ತು ನಿಮಿಷವನ್ನು ನಾನು ಹಾರಿಸಿಬಿಡುತ್ತಿದ್ದೆ. ಆ ಇಪ್ಪತ್ತು ನಿಮಿಷವನ್ನೂ ಸೇರಿಸಿ ಬರೆಯಲು ಈಗ ಕೂತಿದ್ದೇನೆ.

ಅಕ್ಕನ ಮಗಳೆಂದರೆ ನನಗೆ ಸೊಸೆ, ಅವಳು ಆಗ ನಮ್ಮ ಮನೆಯಲ್ಲೇ ಇದ್ದಳು. ಅಕ್ಕ ಭಾವ ಉಡುಪಿಯಲ್ಲಿ. ಇವಳಿಗೆ ವಾಶಿಯ ಒಂದು ಆಫೀಸಿನಲ್ಲಿ ಕೆಲಸ. ವಯಸ್ಸು ಇಪ್ಪತ್ತಮೂರು. ಹನ್ನೆರಡನೇ ವಯಸ್ಸಿನಿಂದ ಅವಳಿಗೆ ಸಕ್ಕರೆ ಕಾಯಿಲೆ. ನಮ್ಮಂಥವರಿಗೆ ಐವತ್ತು ದಾಟಿದ ಮೇಲೆ ಬರುವ, ಮಾತ್ರೆ ನುಂಗಿದರೆ ಹಿಡಿತಕ್ಕೆ ಬರುವ ಶುಗರ್ ಅಲ್ಲ ಅದು. ಅವಳ ದೇಹ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿತ್ತು. ಬೆಳಗ್ಗೆ ಒಂದು, ಸಂಜೆ ಒಂದು ಇಂಜೆಕ್ಷನ್. ಹೊಟ್ಟೆಯ ಚರ್ಮ ಚಿವುಟಿ ಹಿಡಿದು ತಾನೇ ಚುಚ್ಚಿಕೊಳ್ಳುತ್ತಿದ್ದಳು, ಹಣೆಗೆ ಬೊಟ್ಟು ಇಟ್ಟುಕೊಂಡಷ್ಟು ಸಲೀಸಾಗಿ. ಔಷಧಿಯ ಪುಟ್ಟ ಬಾಟಲಿಗಳು ನಮ್ಮ ಫ್ರಿಜ್ಜಿನ ಬಾಗಿಲಲ್ಲಿ, ನಿಂಬೆಹಣ್ಣಿನ ಪಕ್ಕ, ಒಂದು ನೀಲಿ ಚೀಲದಲ್ಲಿ ಇರುತ್ತಿದ್ದವು.

ಹಿಂದಿನ ವರ್ಷ ಒಂದು ಸಂಬಂಧ ಬಂದಿತ್ತು. ಎಲ್ಲ ಸರಿಯಾಗಿ, ಜಾತಕ ಕೂಡಿ, ಇನ್ನೇನು ಮಾತು ಮುಗಿಯಿತು ಎನ್ನುವಾಗ ನಾನೇ ಕಾಯಿಲೆಯ ವಿಷಯ ಹೇಳಿದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅಂದು ಸೊಸೆ ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋದದ್ದು, ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ತೊಳೆದದ್ದು ನನ್ನ ಮನಸ್ಸಿನಲ್ಲಿ ಕೂತಿತ್ತು. ಮುಂದಿನ ಸಲ ಮೊದಲು ಹುಡುಗಿಯನ್ನು ನೋಡಲಿ, ಇಷ್ಟಪಡಲಿ, ಆಮೇಲೆ ಹೇಳೋಣ ಎಂದು ತೀರ್ಮಾನಿಸಿದೆ. ಅವಳ ಒಳ್ಳೆಯದಕ್ಕೇ ಎಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದು ಸುಳ್ಳಲ್ಲ. ಆದರೆ ಚಹಾ ಅರ್ಧಕ್ಕೆ ಬಿಟ್ಟು ಎದ್ದವರ ಎದುರು ಕೂತಿದ್ದ ನನ್ನ ಮುಖವೂ ನನಗೆ ನೆನಪಿತ್ತು.

ಮುಂದಿನ ಸಂಬಂಧ ಸಾನಪಾಡಾದಿಂದ ಬಂತು. ಹುಡುಗನ ತಾಯಿ ನನ್ನ ಹೆಂಡತಿಯ ಊರಿನವರು, ನಾವು ಅಕ್ಕ ಎಂದೇ ಕರೆಯುತ್ತಿದ್ದೆವು. ಗಂಡ ತೀರಿಹೋಗಿ ಕೆಲವು ವರ್ಷವಾಗಿತ್ತು, ಒಬ್ಬನೇ ಮಗ. ಅಕ್ಕ ಯಾವುದೋ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರೆಂದು ಗೊತ್ತಿತ್ತು. ಆಫೀಸಿನ ಕೆಲಸವಿರಬೇಕೆಂದು ನಾನೇ ಊಹಿಸಿಕೊಂಡಿದ್ದೆ. ಮಡಿ, ಏಕಾದಶಿ ಎಲ್ಲ ಕಟ್ಟುನಿಟ್ಟು. ಫೋನಿನಲ್ಲಿ ಅಂದರು:

“ಹೆಣ್ಣು ನೋಡುವುದು, ಉಪ್ಪಿಟ್ಟು ಕೇಸರಿಬಾತು ತಿನ್ನುವುದು, ಅದೆಲ್ಲ ಬೇಡ ಮಾರಾಯ್ರೆ. ಶನಿವಾರ ಏಕಾದಶಿ. ನಮ್ಮ ಸೊಸೈಟಿಯಲ್ಲಿ ಭಜನೆ ಉಂಟು. ಮೂವರೂ ಬನ್ನಿ, ರಾತ್ರಿ ಇಲ್ಲೇ ಇರಿ, ಭಾನುವಾರ ಬೆಳಗ್ಗೆ ಪಾರಣೆ ಮುಗಿಸಿಕೊಂಡೇ ಹೋಗಿ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ. ಉಪವಾಸ ಮಾಡ್ತಾಳೋ ಅವಳು?”

“ಮಾಡ್ತಾಳೆ ಅಕ್ಕ, ಯಾಕೆ ಮಾಡುವುದಿಲ್ಲ!” ಎಂದೆ. ಪಕ್ಕದಲ್ಲಿದ್ದ ಹೆಂಡತಿ ನನ್ನನ್ನು ನೋಡಿದಳು. ನಮ್ಮ ಮನೆಯಲ್ಲಿ ಸೊಸೆ ಎಂದೂ ಏಕಾದಶಿ ಮಾಡಿದವಳಲ್ಲ.

ಶನಿವಾರ ಬೆಳಗ್ಗೆ ಹೊರಡುವಾಗ ಸೊಸೆಯ ಚೀಲದ ಮೇಲ್ಗಡೆ ನೀಲಿ ಚೀಲ ಕಂಡಿತು. ತಿಂಡಿಯಿಲ್ಲದ ದಿನ, ಎಷ್ಟು ಯೂನಿಟ್ ತೆಗೆದುಕೊಳ್ಳಬೇಕೆಂದು ತನ್ನ ಡಾಕ್ಟರಿಗೆ ಫೋನು ಮಾಡಿ ಕೇಳುತ್ತೇನೆ ಎಂದು ಅವಳು ಬೆಳಗಿನ ಇಂಜೆಕ್ಷನ್ನನ್ನು ತಡೆದಿದ್ದಳು. ಕ್ಲಿನಿಕ್ ತೆರೆಯುವುದು ಹತ್ತಕ್ಕೆ. ಅವಳು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ನಾನು ಆ ಚೀಲವನ್ನು ತೆಗೆದು ಫ್ರಿಜ್ಜಿನಲ್ಲಿಟ್ಟು ಬಾಗಿಲು ಮುಚ್ಚಿದೆ.

ಯಾಕೆ ಹಾಗೆ ಮಾಡಿದೆ ಎನ್ನುವುದಕ್ಕೆ ನನ್ನಲ್ಲಿ ಎರಡು ಕಾರಣಗಳಿದ್ದವು. ಒಂದು, ಎಲ್ಲರೂ ಊಹಿಸಬಹುದಾದದ್ದು. ಒಂದೇ ಬಚ್ಚಲಿನ ಮನೆ, ಸಿರಿಂಜನ್ನು ಎಲ್ಲಿ ಎಸೆಯುವುದು, ಫ್ರಿಜ್ಜಿನಲ್ಲಿ ಬಾಟಲಿ ಕಂಡರೆ ಏನು ಹೇಳುವುದು. ಇನ್ನೊಂದನ್ನು ನಾನು ಜ್ಞಾನವೆಂದೇ ತಿಳಿದಿದ್ದೆ. ಎರಡು ವರ್ಷದ ಹಿಂದೆ ಒಮ್ಮೆ ಇಂಜೆಕ್ಷನ್ ತೆಗೆದುಕೊಂಡ ಮೇಲೆ ಊಟ ತಡವಾಗಿ ಅವಳು ಬೆವತು, ನಡುಗಿ, ಅಸಂಬದ್ಧ ಮಾತಾಡಿದ್ದಳು. ನಾನೇ ಸಕ್ಕರೆ ನೀರು ಕುಡಿಸಿ ಸರಿಮಾಡಿದ್ದೆ. ಅಂದಿನಿಂದ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು: ತಿಂದರೆ ಸಕ್ಕರೆ ಏರುತ್ತದೆ, ಚುಚ್ಚಿದರೆ ಇಳಿಯುತ್ತದೆ. ತಿನ್ನದ ದಿನ ಚುಚ್ಚುವುದು ಯಾಕೆ? ಅಪಾಯವೆಂದರೆ ಸಕ್ಕರೆ ಇಳಿಯುವುದು ಮಾತ್ರ ಎಂದು ತಿಳಿದಿದ್ದೆ. ಅರ್ಧ ನೋಡಿ ಪೂರ್ತಿ ಗೊತ್ತಾಯಿತೆಂದುಕೊಂಡವನ ಧೈರ್ಯ ಅದು.

ಠಾಣೆಯಲ್ಲಿ ಇಳಿದು ವಾಶಿ ಲೈನಿನ ಪ್ಲಾಟ್‌ಫಾರ್ಮಿಗೆ ಬಂದ ಮೇಲೆ ಅವಳಿಗೆ ಹೇಳಿದೆ. ಅವಳು ಚೀಲಕ್ಕೆ ಕೈ ಹಾಕಿ ತಡಕಾಡಿದಳು.

“ಮಾಮ, ತಮಾಷೆ ಅಲ್ವಲ್ಲ ಇದು?”

“ಉಪವಾಸ ಅಲ್ವಾ ಮಗಾ? ತಿನ್ನದೆ ಚುಚ್ಚಿಕೊಂಡು ಅವರ ಮನೆಯ ಭಜನೆಯಲ್ಲಿ ದೊಪ್ಪಂತ ಬೀಳ್ತೀಯಾ?”

“ಪೂರ್ತಿ ಬಿಡಬಾರದು ಅಂತ ಡಾಕ್ಟ್ರು ಯಾವಾಗಲೂ ಹೇಳ್ತಾರೆ. ವಾಪಸ್ ಹೋಗೋಣ. ಇಲ್ಲದಿದ್ದರೆ ಸಾನಪಾಡಾದಲ್ಲಿ ಮೆಡಿಕಲ್‌ನಿಂದ ತಗೊಳ್ತೇನೆ.”

“ಹೊಸ ಜಾಗದಲ್ಲಿ, ಅವರ ಬಿಲ್ಡಿಂಗಿನ ಕೆಳಗಿನ ಅಂಗಡಿಯಲ್ಲಿ ನಿಂತು ಸೂಜಿ ಕೇಳ್ತೀಯಾ? ಸಂಜೆ ನೋಡುವ. ಒಂದು ದಿನದ ಮಾತು.”

ಹೆಂಡತಿ ನಡುವೆ ಬಾಯಿ ಹಾಕಿದಳು: “ಅವಳ ಔಷಧಿ ಅವಳಿಗೆ ಗೊತ್ತು. ನೀವು ಯಾವ ಮೆಡಿಕಲ್ ಕಾಲೇಜಿನಲ್ಲಿ ಓದಿದ್ದು?”

ನಾನು ನಕ್ಕೆ. ರೈಲು ಬಂತು. ಠಾಣೆಯಿಂದ ಸಾನಪಾಡಾಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆ ನಾನು ನಿಲ್ಲಿಸದೆ ಮಾತಾಡಿದೆ. ನನ್ನ ಅಜ್ಜಿ ಎಂಬತ್ತರ ವಯಸ್ಸಿನಲ್ಲಿ ನೀರೂ ಮುಟ್ಟದೆ ಏಕಾದಶಿ ಮಾಡುತ್ತಿದ್ದದ್ದು, ಉಪವಾಸದಿಂದ ದೇಹಕ್ಕೆ ಸಿಗುವ ವಿಶ್ರಾಂತಿ, ಸಾನಪಾಡಾದ ಅಕ್ಕನ ಮಗನ ಒಳ್ಳೆಯ ಗುಣ. ತುರ್ಭೆ ಬರುವಷ್ಟರಲ್ಲಿ ಅವಳು ನಕ್ಕಿದ್ದಳು. ಡಾಕ್ಟರಿಗೆ ಫೋನು ಮಾಡಲಿಲ್ಲ. ಇಷ್ಟು ಚೆನ್ನಾಗಿ ಮಾತಾಡದೆ ಇದ್ದಿದ್ದರೆ ಅವಳು ವಾಪಸ್ಸಿನ ರೈಲು ಹತ್ತುತ್ತಿದ್ದಳು ಎಂದು ಇಂದಿಗೂ ಅನಿಸುತ್ತದೆ.

ಶನಿವಾರ ಚೆನ್ನಾಗಿಯೇ ಕಳೆಯಿತು. ಹುಡುಗ ಸಂಕೋಚದವನು, ಆದರೂ ಬಾಲ್ಕನಿಯಲ್ಲಿ ನಿಂತು ಇಬ್ಬರೂ ಏನೋ ಮಾತಾಡಿ ನಕ್ಕರು. ಮಧ್ಯಾಹ್ನದ ಭಜನೆಯಲ್ಲಿ ಸೊಸೆ ಒಂದು ದೇವರನಾಮವನ್ನೂ ಹಾಡಿದಳು. ನಡುನಡುವೆ ತುಟಿ ಸವರಿಕೊಳ್ಳುತ್ತಿದ್ದಳು. ನೀರಿಲ್ಲದ ಉಪವಾಸ, ಬಾಯಾರಿಕೆ ಎಲ್ಲರಿಗೂ ಇತ್ತು. ಸಂಜೆ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ, “ಮಾಮ, ಮೆಡಿಕಲ್‌ಗೆ ಹೋಗಿ ಬರಲಾ?” ಎಂದಳು. ಅಕ್ಕ ಎದುರಿಗೇ ತುಳಸಿಗೆ ದೀಪ ಇಡುತ್ತಿದ್ದರು. ನಾನು ಕಣ್ಣಿನಲ್ಲೇ ಬೇಡ ಎಂದೆ. ಅವಳು ಹೋಗಿ ಕೂತಳು. ಅವಳ ಕೊನೆಯ ಇಂಜೆಕ್ಷನ್ ಶುಕ್ರವಾರ ಸಂಜೆಯದ್ದು.

ಭಾನುವಾರ ಬೆಳಕು ಹರಿಯುವ ಮೊದಲೇ ಅಕ್ಕನ ಮನೆಯಲ್ಲಿ ಉಪವಾಸ ಮುರಿಯುವ ಪಾರಣೆಗೆ ಎಲೆ ಹಾಕಿದ್ದರು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಹೆಸರುಬೇಳೆ ಪಾಯಸ. ಸೊಸೆ ಮೊದಲು ಒಂದು ಚೊಂಬು ನೀರನ್ನು ಒಂದೇ ಉಸಿರಿಗೆ ಕುಡಿದಳು. ಎರಡು ತುತ್ತು ಅನ್ನ ತಿಂದು ಎದ್ದು ಬಚ್ಚಲಿಗೆ ಓಡಿದಳು. ವಾಂತಿ. ಬಾಯಿ ತೊಳೆದು ಬಂದು ಕೂತಳು, ಮತ್ತೆ ಓಡಿದಳು. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೇ ಮಲಗಿದಳು.

“ಪಿತ್ತ,” ಎಂದೆ. “ಬರೀ ಹೊಟ್ಟೆಗೆ ನೀರು ಸುರಿದುಕೊಂಡರೆ ಇನ್ನೇನಾಗ್ತದೆ?”

ಆಗ ಅವಳ ಉಸಿರನ್ನು ಗಮನಿಸಿದೆ. ಮಲಗಿದ್ದವಳು ಗುಡ್ಡ ಹತ್ತಿ ಬಂದವರಂತೆ ಉಸಿರಾಡುತ್ತಿದ್ದಳು. ಏದುಸಿರಲ್ಲ, ದಮ್ಮಿನ ಗೊರಗೊರವೂ ಅಲ್ಲ. ಎದೆಯ ತಳದಿಂದ ಆಳವಾಗಿ ಎಳೆದು ಪೂರ್ತಿ ಹೊರಗೆ ಬಿಡುವುದು, ತಕ್ಷಣ ಮತ್ತೆ ಎಳೆಯುವುದು. ನಡುವೆ ಬಿಡುವೇ ಇಲ್ಲ. ಮಾತಾಡಬೇಕೆಂದರೆ ಎರಡು ಶಬ್ದಕ್ಕೊಮ್ಮೆ ನಿಲ್ಲಬೇಕು. ಬಗ್ಗಿ ಎಬ್ಬಿಸುವಾಗ ಅವಳ ಬಾಯಿಂದ ಅತಿಯಾಗಿ ಮಾಗಿದ ಹಣ್ಣಿನಂಥ ವಾಸನೆ ಬಂತು. ದೇವರ ಮುಂದಿನ ಬಾಳೆಹಣ್ಣಿನದ್ದಿರಬೇಕೆಂದುಕೊಂಡೆ. ಎಂಥೆಂಥ ವಿವರಣೆಗಳು ನನಗೆ ಹೊಳೆಯುತ್ತಿದ್ದವು!

ಅವರ ಸೆಕ್ಟರಿನಲ್ಲೇ ಭಾನುವಾರವೂ ಬೇಗ ತೆರೆಯುವ ಒಂದು ಚಿಕ್ಕ ದವಾಖಾನೆಯಿತ್ತು. ಹುಡುಗ ಕಾರಿನಲ್ಲಿ ಕೂರಿಸಿಕೊಂಡು ಬಿಟ್ಟ, ತಾನು ಹೊರಗೆ ಕಾರಿನಲ್ಲೇ ಕಾದ. ಹೆಂಡತಿ ಮನೆ ಒರೆಸಲು ಉಳಿದಳು. ಬಾಗಿಲವರೆಗೂ ಬಂದು ನನ್ನ ಕೈ ಹಿಡಿದು, “ಡಾಕ್ಟ್ರಿಗೆ ಹೇಳಿ ಹಾಂ, ಎಲ್ಲ ಹೇಳಿ,” ಎಂದಳು. ಹೂಂ ಎಂದೆ. ಅಕ್ಕ ನಮ್ಮ ಜೊತೆ ಬಂದರು, ಆ ಡಾಕ್ಟರ್ ಅವರಿಗೆ ಪರಿಚಯ.

ಇಲ್ಲಿಂದ ಆ ಇಪ್ಪತ್ತು ನಿಮಿಷ.

ಡಾಕ್ಟರು ಮರಾಠಿಯವರು, ಸೌಮ್ಯ ಮನುಷ್ಯ. ನಾಡಿ ನೋಡಿದರು, ಎದೆಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. ಎದೆ ಸ್ವಚ್ಛವಿದೆಯಲ್ಲ, ಇಷ್ಟು ಉಸಿರು ಯಾಕೆ ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

“ಶುಗರ್, ಬೀಪೀ, ದಮಾ, ಕಾಹೀ ಆಹೇ ಕಾ?”

ಇವುಗಳಲ್ಲಿ ಏನಾದರೂ ಇದೆಯೇ? ಶುಗರ್ ಅನ್ನುವುದನ್ನೇ ಮೊದಲು ಕೇಳಿದರು. ಅಕ್ಕ ನನ್ನ ಎಡಗಡೆಯ ಕುರ್ಚಿಯಲ್ಲಿ, ಸೆರಗು ಹೊದ್ದು ಕೂತಿದ್ದರು. ಸೊಸೆ ಮಂಚದ ಮೇಲೆ ಕಣ್ಣು ಮುಚ್ಚಿದ್ದಳು. ನಾನು ಹೇಳಿದೆ:

“ನಾಹೀ ಡಾಕ್ಟರ್, ಕಾಹೀ ನಾಹೀ. ಉಪಾಸ ಹೋತಾ.”

ಏನೂ ಇಲ್ಲ, ಉಪವಾಸವಿತ್ತು. ತಡವರಿಸಲೂ ಇಲ್ಲ. ಬಾಯಿಗೆ ಅಷ್ಟು ಸುಲಭವಾಗಿ ಬಂತು. ಹುಡುಗಿಯ ಬೆರಳುಗಳು ನನ್ನ ಅಂಗಿಯ ತೋಳನ್ನು ಹಿಡಿದು ಎಳೆದವು. ನಾನು ಅವಳ ಕೈಯನ್ನು ಸವರಿ, “ಮಲಗು ಮಗಾ, ಏನೂ ಆಗುವುದಿಲ್ಲ,” ಎಂದೆ.

ಉಪವಾಸದ ನಿಶ್ಶಕ್ತಿ, ವಾಂತಿಯಿಂದ ನೀರು ಹೋಗಿದೆ ಎಂದು ಡಾಕ್ಟರು ವಾಂತಿ ನಿಲ್ಲಲು ಒಂದು ಇಂಜೆಕ್ಷನ್ ಕೊಟ್ಟು, ಒಂದು ಬಾಟಲಿ ಏರಿಸಿದರು. ನಾನು ಹೇಳಿದ್ದನ್ನು ನಂಬಿ ಅವರು ಮಾಡಿದ್ದು ಅದು. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಲು ನನಗೆ ಬರುತ್ತದೆ. ಗ್ಲೂಕೋಸ್ ಸೇರಿಸಿದ ಸಲೈನು. ಸಕ್ಕರೆಯ ಕಾಯಿಲೆಯವಳ ರಕ್ತಕ್ಕೆ ಹನಿ ಹನಿಯಾಗಿ ಸಕ್ಕರೆ ಇಳಿಯುತ್ತಿತ್ತು, ನಾನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುತ್ತಿದ್ದೆ. ಅಕ್ಕ ಮಾತ್ರೆ ತರಲು ಪಕ್ಕದ ಅಂಗಡಿಗೆ ಹೋದರು. ಆಗಲಾದರೂ ಎದ್ದು ಡಾಕ್ಟರ ಕಿವಿಯಲ್ಲಿ ಹೇಳಬಹುದಿತ್ತು. ಹೇಳಿದರೆ ಈ ಮೊದಲು ಹೇಳಿದ್ದು ಸುಳ್ಳೆಂದಾಗುತ್ತದೆ. ಇನ್ನೈದು ನಿಮಿಷ ನೋಡೋಣ, ಉಪವಾಸದವಳಿಗೆ ಸ್ವಲ್ಪ ಸಕ್ಕರೆ ಒಳ್ಳೆಯದೇ ಇರಬಹುದು ಎಂದುಕೊಂಡೆ. ಹೀಗೆ ಬಾಟಲಿಯಲ್ಲಿ ಎರಡು ಗೆರೆ ಇಳಿಯಿತು. ಉಸಿರು ಇನ್ನೂ ಆಳವಾಯಿತು. ಕರೆದರೆ ಅವಳು ಕಣ್ಣು ತೆರೆಯುವುದಕ್ಕೆ ಹೊತ್ತು ಹಿಡಿಯತೊಡಗಿತು.

ಅಕ್ಕ ಬಂದು ಅವಳಿಗೆ ಶಾಲು ಹೊದಿಸಲು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಅವಳ ಮುಖದ ಹತ್ತಿರ ಮೂಗು ತಂದು ಮತ್ತೊಮ್ಮೆ ಮೂಸಿದರು.

“ಇದು ಎಂತ ವಾಸನೆ?”

“ಬಾಯಿ ಒಣಗಿದೆ ಅಲ್ವಾ ಅಕ್ಕ, ಉಪವಾಸ...”

“ನನಗೆ ಉಪವಾಸ ಕಲಿಸಬೇಡಿ. ನಲವತ್ತು ವರ್ಷದಿಂದ ಏಕಾದಶಿ ಮಾಡಿದವಳು ನಾನು. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಮಂದಿಯ ಮೂತ್ರ ನೋಡಿದವಳೂ ನಾನೇ. ಇದು ಅಸಿಟೋನ್. ನೇಲ್ ಪಾಲಿಶ್ ತೆಗೆಯುವ ವಾಸನೆ. ಉಪವಾಸದವರಲ್ಲೂ ಒಂಚೂರು ಬರ್ತದೆ, ಆದರೆ ಉಸಿರು ಹೀಗೆ ಹೊಡೆಯುವುದಿಲ್ಲ.” ಅವರು ಬೆನ್ನು ನೇರ ಮಾಡಿ ನನ್ನನ್ನು ನೋಡಿದರು. “ನಿನ್ನೆ ಇಡೀ ದಿನ ಒಂದು ಹನಿ ನೀರು ಕುಡಿಯದ ಹುಡುಗಿ ಎಷ್ಟು ಸಲ ಬಚ್ಚಲಿಗೆ ಹೋದಳು, ಗೊತ್ತುಂಟಾ ನಿಮಗೆ? ನಾನು ಎಣಿಸಿದ್ದೇನೆ. ನೀರು ಎಲ್ಲಿಂದ ಬಂತು? ಇವಳಿಗೆ ಶುಗರ್ ಉಂಟಾ?”

ನಾನು ಬಾಟಲಿಯ ಗೆರೆಗಳನ್ನು ನೋಡಿದೆ. ಸೊಸೆ ಮೂರು ಸಲ ಉಸಿರೆಳೆದು ಬಿಟ್ಟಳು.

“ಮಾರಾಯ್ರೆ, ಬಾಯಿ ಬಿಡಿ! ಉಂಟಾ ಇಲ್ವಾ?”

“ಉಂಟು,” ಎಂದೆ. “ಹನ್ನೆರಡನೇ ವಯಸ್ಸಿನಿಂದ. ಇನ್ಸುಲಿನ್.”

“ಕೊನೆಯದು ಯಾವಾಗ?”

“ಶುಕ್ರವಾರ ಸಂಜೆ.”

ಅಕ್ಕ ಪರದೆ ಸರಿಸಿ ಡಾಕ್ಟರನ್ನು ಕೂಗಿದರು. ಡಾಕ್ಟರು ಬಂದು ಕೇಳಿ, ಮೊದಲು ಆ ಬಾಟಲಿಯನ್ನು ನಿಲ್ಲಿಸಿ ಬರೀ ಉಪ್ಪುನೀರಿನ ಸಲೈನು ಹಾಕಿದರು. ಬೆರಳು ಚುಚ್ಚಿ ರಕ್ತ ನೋಡುವ ಪುಟ್ಟ ಯಂತ್ರ ತಂದರು. ಅದರಲ್ಲಿ ಸಂಖ್ಯೆ ಬರಲಿಲ್ಲ. ಇಂಗ್ಲಿಷಿನ ಎರಡಕ್ಷರ ಬಂತು, ಸಕ್ಕರೆ ತನ್ನ ಅಳತೆಗೂ ಮೀರಿದೆ ಎಂದು. ಡಾಕ್ಟರು ನನ್ನ ಮುಖ ನೋಡಿ ಕೇಳಿದರು, “ಮಘಾಶೀ ತುಮ್ಹೀ ಕಾಯ ಸಾಂಗಿತಲಂತ?” ಆಗ ನೀವು ನನಗೆ ಹೇಳಿದ್ದೇನು? ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ವಾಶಿಯ ದೊಡ್ಡ ಆಸ್ಪತ್ರೆಗೆ ಹೋಗುವಾಗ ಹುಡುಗ ಕಾರು ಓಡಿಸುತ್ತಿದ್ದ, ಅಕ್ಕ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಲೈನಿನ ಬಾಟಲಿಯನ್ನು ಎತ್ತಿ ಹಿಡಿದಿದ್ದರು. “ನಿದ್ದೆ ಮಾಡಬೇಡ ಮಗಾ, ನಿನ್ನ ಆಫೀಸಿನಲ್ಲಿ ಎಷ್ಟು ಜನ ಹೇಳು, ಬಾಸ್ ಹೇಗೆ, ಮಂಗನಾ?” ಎಂದು ದಾರಿಯುದ್ದಕ್ಕೂ ಮಾತಾಡಿಸುತ್ತಿದ್ದರು. ನಾನು ಮುಂದಿನ ಸೀಟಿನಲ್ಲಿದ್ದೆ.

ಐಸಿಯುನಲ್ಲಿ ಒಬ್ಬ ಯುವ ಡಾಕ್ಟರಮ್ಮ ಎಲ್ಲವನ್ನೂ ಮತ್ತೆ ಮೊದಲಿಂದ ಕೇಳಿದರು. ಈ ಸಲ ಎಲ್ಲ ಹೇಳಿದೆ. ಫ್ರಿಜ್ಜಿನ ವಿಷಯವನ್ನೂ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ಒಮ್ಮೆ ನೋಡಿ ಮತ್ತೆ ಬರೆದುಕೊಂಡರು. ರಕ್ತದ ವರದಿಗಳು ಬಂದ ಮೇಲೆ ಹೊರಗೆ ಬಂದು ಹಿಂದಿಯಲ್ಲಿ ನನಗೆ ತಿಳಿಸಿ ಹೇಳಿದರು. ನನಗೆ ಅರ್ಥವಾದಷ್ಟು ಇಲ್ಲಿ ಬರೆಯುತ್ತೇನೆ, ನನ್ನ ಹಾಗೆ ಅರ್ಧ ತಿಳಿದವರು ಇನ್ನೂ ಇರಬಹುದು.

ಇನ್ಸುಲಿನ್ ಬರೀ ಊಟದ ಸಕ್ಕರೆಯನ್ನು ಇಳಿಸುವ ಔಷಧಿಯಲ್ಲ. ರಕ್ತದಲ್ಲಿರುವ ಸಕ್ಕರೆ ದೇಹದ ಜೀವಕೋಶಗಳ ಒಳಗೆ ಹೋಗಬೇಕಾದರೆ ಅದು ಬೇಕು. ಅದಿಲ್ಲದಿದ್ದರೆ ರಕ್ತದ ತುಂಬ ಸಕ್ಕರೆಯಿದ್ದರೂ ದೇಹ ಒಳಗೊಳಗೇ ಹಸಿದಿರುತ್ತದೆ. ಊಟ ಮಾಡದಿದ್ದರೂ ಪಿತ್ತಜನಕಾಂಗ ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಸುರಿಯುತ್ತಲೇ ಇರುತ್ತದೆ. ಅದನ್ನು ತಡೆಯುವುದೂ ಇನ್ಸುಲಿನ್ನೇ. ಹಸಿದ ದೇಹ ಕೊಬ್ಬನ್ನು ಕರಗಿಸಲು ಶುರುಮಾಡುತ್ತದೆ. ಆ ಕೊಬ್ಬಿನಿಂದ ಪಿತ್ತಜನಕಾಂಗ ಕೀಟೋನ್ ಎಂಬ ಆಮ್ಲಗಳನ್ನು ಮಾಡುತ್ತದೆ. ಎಲ್ಲರ ಉಪವಾಸದಲ್ಲೂ ಇದು ಸ್ವಲ್ಪ ನಡೆಯುತ್ತದೆ, ಆದರೆ ಅವರ ದೇಹದಲ್ಲಿರುವ ಇನ್ಸುಲಿನ್ ಅದಕ್ಕೆ ಮಿತಿ ಹಾಕುತ್ತದೆ. ಇವಳಲ್ಲಿ ಮಿತಿ ಹಾಕುವುದೇ ಫ್ರಿಜ್ಜಿನಲ್ಲಿ ಉಳಿದಿತ್ತು. ಆಮ್ಲ ತುಂಬಿ ರಕ್ತ ಹುಳಿಯಾಗುತ್ತ ಹೋಯಿತು. ಆ ಹುಳಿಯನ್ನು ತಗ್ಗಿಸಲು ದೇಹಕ್ಕೆ ತಕ್ಷಣ ಸಿಗುವ ದಾರಿ ಉಸಿರು. ಇಂಗಾಲದ ಡೈಆಕ್ಸೈಡನ್ನು ಹೊರಹಾಕಿದಷ್ಟೂ ರಕ್ತದ ಆಮ್ಲ ಕಡಿಮೆಯಾಗುತ್ತದೆ, ಅದಕ್ಕಾಗಿ ಅಷ್ಟು ಆಳವಾಗಿ, ಅಷ್ಟು ಬೇಗ ಬೇಗ ಉಸಿರಾಡುವುದು. ವಾಂತಿ, ಹೊಟ್ಟೆನೋವು ಅದೇ ಆಮ್ಲದ್ದು. ರಕ್ತದಲ್ಲಿ ಉಕ್ಕಿದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನೀರೇ ಕುಡಿಯದವಳಿಂದ ಅಷ್ಟು ನೀರು ಹೋದದ್ದು ಹಾಗೆ.

“ಅವಳ ಉಸಿರು ನಿಮಗೆ ಹೇಳುತ್ತಾ ಇತ್ತು,” ಎಂದರು ಡಾಕ್ಟರಮ್ಮ. “ಇನ್ನು ಕೆಲವು ಗಂಟೆ ಹೋಗಿದ್ದರೆ ನಾನು ಏನೂ ಹೇಳಲಾರೆ.”

ಒಂದು ಕೈಗೆ ಸಲೈನು, ಇನ್ನೊಂದಕ್ಕೆ ಪಂಪಿನಿಂದ ಸ್ವಲ್ಪ ಸ್ವಲ್ಪವೇ ಇನ್ಸುಲಿನ್. ಗಂಟೆಗೊಮ್ಮೆ ರಕ್ತದ ಸಕ್ಕರೆ ನೋಡುವುದು. ಇನ್ಸುಲಿನ್ ಹೋಗುವಾಗ ರಕ್ತದ ಪೊಟ್ಯಾಸಿಯಮ್ ಕುಸಿಯುತ್ತದೆ, ಕುಸಿದರೆ ಹೃದಯಕ್ಕೆ ತೊಂದರೆ ಎಂದು ಅದನ್ನೂ ಬಾಟಲಿಯಲ್ಲಿ ಸೇರಿಸುತ್ತಿದ್ದರು. ಮಧ್ಯಾಹ್ನ ಗಾಜಿನ ಬಾಗಿಲಿನಿಂದ ನೋಡುತ್ತಿದ್ದಾಗ ನರ್ಸು ಹೊಸ ಬಾಟಲಿ ತೂಗುಹಾಕಿದಳು. ಅದರ ಮೇಲೆ ಗ್ಲೂಕೋಸಿನ ಹೆಸರಿತ್ತು. ನಾನು ಬಾಗಿಲು ತಳ್ಳಿಕೊಂಡು ಒಳಗೇ ನುಗ್ಗಿದೆ. “ಸಿಸ್ಟರ್, ಅದು ಬೇಡ, ಅವಳಿಗೆ ಶುಗರ್ ಇದೆ!” ವಾರ್ಡೆಲ್ಲ ತಿರುಗಿ ನೋಡಿತು. ಸಿಸ್ಟರ್ ನನ್ನನ್ನು ಹೊರಗೆ ಕಳಿಸುತ್ತ ಹೇಳಿದಳು: ಸಕ್ಕರೆ ಈಗ ಇಳಿದಿದೆ, ಆದರೆ ಆಮ್ಲ ಇನ್ನೂ ಪೂರ್ತಿ ಹೋಗಿಲ್ಲ. ಅದು ಹೋಗುವವರೆಗೆ ಇನ್ಸುಲಿನ್ ನಿಲ್ಲಿಸುವ ಹಾಗಿಲ್ಲ. ಇನ್ಸುಲಿನ್ ಕೊಡುತ್ತಲೇ ಇರಬೇಕಾದರೆ ಸಕ್ಕರೆ ತೀರಾ ಇಳಿಯದಂತೆ ಗ್ಲೂಕೋಸ್ ಬೇಕು. “ಈಗ ಕೂಗ್ತೀರಿ, ಅಂಕಲ್,” ಎಂದಳು. ಅವಳಿಗೆ ಬೆಳಗಿನ ಸಂಗತಿ ಗೊತ್ತಿತ್ತೋ ಇಲ್ಲವೋ.

ಹೆಂಡತಿ ಮಧ್ಯಾಹ್ನಕ್ಕೆ ಬಂದಳು. ನಾನು ಉಡುಪಿಗೆ ಫೋನು ಹಚ್ಚಿ, “ಅಕ್ಕ, ಗಾಬರಿ ಬೇಡ, ಸ್ವಲ್ಪ ಫುಡ್ ಪಾಯಿಸನ್...” ಎಂದು ಶುರುಮಾಡಿದ್ದೆ. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಎರಡು ನಿಮಿಷದಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಫೋನಿನ ಆ ಕಡೆ ನನ್ನ ಅಕ್ಕ ಅತ್ತದ್ದು ನನಗೆ ಕೇಳಿಸುತ್ತಿತ್ತು. ಆ ಅಳುವಿನಲ್ಲಿ ನನ್ನನ್ನು ಬೈದ ಒಂದು ಶಬ್ದವೂ ಇರಲಿಲ್ಲ. ಇವತ್ತಿಗೂ ಬೈದಿಲ್ಲ.

ಮಾರನೆಯ ದಿನ ಅವಳ ಉಸಿರು ಎಲ್ಲರ ಉಸಿರಿನ ಹಾಗೆ, ಕಿವಿಗೆ ಬೀಳದ ಹಾಗೆ ಆಯಿತು. ಅದರ ಮಾರನೆಯ ದಿನ ಸಾಮಾನ್ಯ ವಾರ್ಡಿಗೆ ತಂದರು. ಸಾನಪಾಡಾದ ಅಕ್ಕ ಡಬ್ಬಿಯಲ್ಲಿ ಇಡ್ಲಿ ತಂದಿದ್ದರು. ಎಷ್ಟು ಇಡ್ಲಿಗೆ ಎಷ್ಟು ಯೂನಿಟ್ ಎಂದು ಸೊಸೆಯಿಂದ ಕೇಳಿ ತಿಳಿದುಕೊಂಡರು. ಇಬ್ಬರೂ ಏನೋ ಪಿಸುಗುಟ್ಟಿ ನಕ್ಕರು. ಹೊರಡುವಾಗ ನನ್ನನ್ನು ವರಾಂಡಕ್ಕೆ ಕರೆದರು. ಸಂಬಂಧ ಮುರಿಯುವ ಮಾತು ಬರುತ್ತದೆ ಎಂದು ಸಿದ್ಧನಾಗಿಯೇ ಹೋದೆ.

“ಕಾಯಿಲೆ ಮುಚ್ಚಿಟ್ಟಿರಿ, ಅದು ನನಗೆ ಮಾಡಿದ್ದು. ಅದನ್ನು ಬಿಡುವ, ಹೆಣ್ಣು ಹೆತ್ತವರ ಕಷ್ಟ ನನಗೂ ಗೊತ್ತುಂಟು. ಮೊದಲೇ ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೋ ಏನೋ, ಅದೂ ಗೊತ್ತಿಲ್ಲ. ಆದರೆ ಡಾಕ್ಟ್ರು ಕೇಳಿದಾಗ ಹೇಳಲಿಲ್ಲವಲ್ಲ. ಅದು ಅವಳಿಗೆ ಮಾಡಿದ್ದು.” ಡಬ್ಬಿಯ ಮುಚ್ಚಳ ಬಿಗಿ ಮಾಡುತ್ತ ಅಂದರು: “ಇನ್ನು ಈ ವಿಷಯ ನಿಮ್ಮ ಹತ್ತಿರ ಮಾತಾಡುವುದಿಲ್ಲ. ಮಾತಾಡುವುದಿದ್ದರೆ ಅವಳ ಹತ್ತಿರವೇ.”

ಅವಳ ಹತ್ತಿರವೇ ಮಾತಾಡಿದರು. ಅವಳು ಬೇಡ ಎಂದಳು. ಹುಡುಗ ಒಳ್ಳೆಯವನು, ಆದರೆ ಆ ಮನೆಗೆ ಹೋದರೆ ಜೀವನವಿಡೀ ಆ ಬೆಳಗನ್ನೇ ನೆನೆಯಬೇಕಾಗುತ್ತದೆ ಎಂದಳಂತೆ. ಇದನ್ನು ನನಗೆ ಹೇಳಿದ್ದು ಹೆಂಡತಿ. ಸಾನಪಾಡಾದ ಅಕ್ಕ ಮತ್ತು ಸೊಸೆ ಈಗಲೂ ಪ್ರತಿ ಏಕಾದಶಿಗೆ ಫೋನಿನಲ್ಲಿ ಮಾತಾಡುತ್ತಾರೆ. “ತಿಂದೆಯಾ?” ಎಂದು ಅಕ್ಕ ಕೇಳುವುದು, “ಚುಚ್ಚಿಕೊಂಡೇ ತಿಂದೆ,” ಎಂದು ಇವಳು ಹೇಳುವುದು.

ಡಿಸ್ಚಾರ್ಜ್ ಆಗಿ ಬಂದ ದಿನ ನಾನು ಅವಳ ಕ್ಷಮೆ ಕೇಳಿದೆ. ಅದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಗಾಬರಿಯಲ್ಲಿ ಏನು ಹೇಳುತ್ತಿದ್ದೇನೆಂದೇ ತಿಳಿಯಲಿಲ್ಲ, ನೀನೂ ಪ್ರಜ್ಞೆಯಲ್ಲಿರಲಿಲ್ಲ, ಹೀಗೆ. ಅವಳು ನೀಲಿ ಚೀಲವನ್ನು ಫ್ರಿಜ್ಜಿನಿಂದ ತೆಗೆದು ಸಿರಿಂಜಿನಲ್ಲಿ ಔಷಧಿ ಎಳೆಯುತ್ತಿದ್ದಳು. ಗುಳ್ಳೆ ಹೋಗಲೆಂದು ಉಗುರಿನಿಂದ ತಟ್ಟಿದಳು.

“ಡಾಕ್ಟ್ರು ಕೇಳಿದ್ದು ನನಗೆ ಕೇಳಿಸಿತ್ತು ಮಾಮ. ನೀವು ಹೇಳಿದ್ದೂ ಕೇಳಿಸಿತ್ತು. ಮಾತು ಬರಲಿಲ್ಲ, ಅದಕ್ಕೇ ಅಂಗಿ ಎಳೆದೆ.”

ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಚುಚ್ಚಿಕೊಂಡಳು.

ಅವಳು ನಮ್ಮ ಮನೆ ಬಿಟ್ಟುಹೋಗಲಿಲ್ಲ. ಬಿಟ್ಟುಹೋಗಿದ್ದರೆ ಯಾರಾದರೂ ಕಾರಣ ಕೇಳುತ್ತಿದ್ದರು. ಊಟದ ಟೇಬಲ್ಲಿನಲ್ಲೇ, ಯಾರಿದ್ದರೂ ಸರಿ, ಚುಚ್ಚಿಕೊಳ್ಳಲು ಶುರುಮಾಡಿದಳು. ಮೂರು ವರ್ಷದ ನಂತರ ಕಲ್ಯಾಣದ ಒಬ್ಬ ಹುಡುಗನನ್ನು ಮದುವೆಯಾದಳು. ಮೊದಲ ಭೇಟಿಯಲ್ಲೇ ಅವನ ಎದುರು ಇಂಜೆಕ್ಷನ್ ತೆಗೆದುಕೊಂಡು ಮಿಸಳ್ ತಿಂದಳಂತೆ. ಮದುವೆಯ ಊಟಕ್ಕೆ ಎಲೆ ತಡವಾಯಿತು. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಯಾರೋ, “ನಿಮ್ಮ ಸೊಸೆಯನ್ನು ನೀವು ಉಳಿಸಿದ್ದು ಹೇಳಿ,” ಎಂದರು. ಹೇಳಿದೆ. ಪಾರಣೆಯಿಂದ ನೇರವಾಗಿ ವಾಶಿಯ ಆಸ್ಪತ್ರೆಗೆ ಬಂದೆ. ಹಿಂದಿನ ಸಾಲಿನಲ್ಲಿ ಮದುಮಗಳು ಸೀರೆ ಬದಲಾಯಿಸಿಕೊಂಡು ಬಂದು ನಿಂತಿದ್ದಳು. ಪೂರ್ತಿ ಕೇಳಿದಳು. ಆಮೇಲೆ ಹತ್ತಿರ ಬಂದು, “ಮಾಮ, ದವಾಖಾನೆ ಬಿಟ್ಟಿರಿ,” ಎಂದಳು. ಅಷ್ಟೇ. ಅಂದಿನಿಂದ ನಾನು ಇದನ್ನು ಎಲ್ಲಿಯೂ ಹೇಳಿಲ್ಲ.

ಕಳೆದ ತಿಂಗಳು ನನ್ನದೊಂದು ದವಡೆ ಹಲ್ಲು ಕೀಳಿಸಬೇಕಾಯಿತು. ಹೆಂಡತಿಗೆ ಮಂಡಿನೋವು, ಸೊಸೆ ಕಲ್ಯಾಣದಿಂದ ಬಂದು ಕರೆದುಕೊಂಡು ಹೋದಳು. ದಂತವೈದ್ಯ ಹೊಸ ಹುಡುಗ. ಫಾರಮ್ಮು ತುಂಬುತ್ತ, ತಲೆ ಎತ್ತದೆ, “ಕಾಕಾ, ಶುಗರ್, ಬೀಪೀ, ಕಾಹೀ ಆಹೇ ಕಾ?” ಎಂದು ಕೇಳಿದ.

ನನಗೆ ನಿಜವಾಗಿ ಏನೂ ಇಲ್ಲ. ಕಾಹೀ ನಾಹೀ ಎಂದರೆ ಮುಗಿಯಿತು, ಅದೇ ಸತ್ಯ. ಬಾಯಿ ತೆರೆದೆ. ಆ ಎರಡು ಶಬ್ದ ಹೊರಡಲಿಲ್ಲ. ಹುಡುಗ ತಲೆ ಎತ್ತಿ ನೋಡಿದ. ಹಲ್ಲಿನ ನೋವೆಂದುಕೊಂಡಿರಬೇಕು.

“ನಾಹೀ ಡಾಕ್ಟರ್,” ಎಂದಳು ಸೊಸೆ ಪಕ್ಕದಿಂದ. “ಯಾ ವೇಳೀ ಖರಂಚ ಕಾಹೀ ನಾಹೀ.”

ಈ ಸಲ ನಿಜಕ್ಕೂ ಏನೂ ಇಲ್ಲ. ಅವಳು ನಗುತ್ತಿದ್ದಳೋ ಏನೋ ಗೊತ್ತಿಲ್ಲ. ನಾನು ತಿರುಗಿ ನೋಡಲಿಲ್ಲ.